ವಿದ್ಯುತ್ ವಿಭವ, ಸಮವಿಭವ ರೇಖೆ, ಕ್ಷೇತ್ರದ ದಿಕ್ಕು, ಚಾರ್ಜ್ ಸಾಗಿಸುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವಿತೀಯ ಪಿಯುಸಿ ಮತ್ತು ಬಿ.ಎಸ್ಸಿ. ಮೊದಲ ವರ್ಷದವರು ಈ ಪಾಠದಲ್ಲಿ ಹೆಚ್ಚಾಗಿ ಎಡವುವುದು ಸೂತ್ರದಲ್ಲಲ್ಲ, ಚಿಹ್ನೆಯಲ್ಲಿ ಮತ್ತು ದಿಕ್ಕಿನಲ್ಲಿ. ಹಾಗಾಗಿ ಇಲ್ಲಿನ ಬಹುಪಾಲು ಉತ್ತರಗಳು ಒಂದೇ ಸಲಕರಣೆಯ ಸುತ್ತ ಇವೆ: ಪ್ಲಾಸ್ಟಿಕ್ ಟ್ರೇಯಲ್ಲಿ ಅರ್ಧ ಬೆರಳು ಆಳದ ನೀರು, ಎರಡು ಲೋಹದ ತುಂಡು, ಒಂದು ಮಲ್ಟಿಮೀಟರ್.

ವಿಭವ ಎಂದರೆ ನಿಜಕ್ಕೂ ಏನು?

ಒಂದು ಕೂಲಮ್ ಧನ ಚಾರ್ಜನ್ನು ನಾವು ಸೊನ್ನೆ ಎಂದು ಒಪ್ಪಿಕೊಂಡ ಜಾಗದಿಂದ ಈ ಬಿಂದುವಿಗೆ ನಿಧಾನವಾಗಿ, ವೇಗ ಕೂಡದ ಹಾಗೆ ತಂದು ನಿಲ್ಲಿಸಲು ನಾವು ಮಾಡಬೇಕಾದ ಕೆಲಸವೇ ಆ ಬಿಂದುವಿನ ವಿಭವ. ಅಳತೆ ಜೂಲ್ ಪ್ರತಿ ಕೂಲಮ್. ಅದಕ್ಕೇ ವೋಲ್ಟ್ ಎನ್ನುತ್ತೇವೆ. ವಿಭವಕ್ಕೆ ದಿಕ್ಕಿಲ್ಲ, ಅದು ಬರೀ ಒಂದು ಸಂಖ್ಯೆ. ಹಲವು ಚಾರ್ಜ್‌ಗಳಿದ್ದರೆ ಒಂದೊಂದರ ವಿಭವವನ್ನೂ ಚಿಹ್ನೆ ಸಮೇತ ಕೂಡಿದರೆ ಮುಗಿಯಿತು. ಕ್ಷೇತ್ರಕ್ಕೆ ಮಾತ್ರ ದಿಕ್ಕುಂಟು. ದಿಕ್ಕಿಲ್ಲದ ಸಂಖ್ಯೆಗಳಿಂದ ದಿಕ್ಕಿರುವ ಕ್ಷೇತ್ರವನ್ನು ಹೇಗೆ ಪಡೆಯುವುದು ಎಂಬುದೇ ಈ ಪಾಠದ ತಿರುಳು.

ಸೊನ್ನೆ ವೋಲ್ಟ್ ಎಲ್ಲಿದೆ ಎಂದು ಯಾರು ನಿರ್ಧರಿಸುವುದು?

ಲೆಕ್ಕ ಮಾಡುವವರು. ಪುಸ್ತಕದ ಬಿಂದು ಚಾರ್ಜ್ ಲೆಕ್ಕಗಳಲ್ಲಿ ಅನಂತ ದೂರವನ್ನು ಸೊನ್ನೆ ಎನ್ನುತ್ತಾರೆ, ಮನೆಯ ವೈರಿಂಗ್‌ನಲ್ಲಿ ಭೂಮಿಯನ್ನು. ಟ್ರೇಯಲ್ಲಿ ಮೀಟರಿನ ಕಪ್ಪು ತಂತಿ ಕಚ್ಚಿಸಿದ ಜಾಗವೇ ಸೊನ್ನೆ. ಕಪ್ಪು ತಂತಿಯನ್ನು ಬೇರೆಡೆಗೆ ಕಚ್ಚಿಸಿದರೆ ಎಲ್ಲ ಓದುಗಳೂ ಒಂದೇ ಮೊತ್ತದಷ್ಟು ಏರುತ್ತವೆ ಇಲ್ಲವೇ ಇಳಿಯುತ್ತವೆ. ಎರಡು ಬಿಂದುಗಳ ನಡುವಿನ ವ್ಯತ್ಯಾಸ, ಅಂದರೆ ವಿಭವಾಂತರ, ಕದಲುವುದಿಲ್ಲ. ಕ್ಷೇತ್ರಕ್ಕೂ ಕೆಲಸಕ್ಕೂ ಬೇಕಿರುವುದು ಅದೊಂದೇ.

ಸಮವಿಭವ ಮೇಲ್ಮೈಗೆ ಕ್ಷೇತ್ರ ಲಂಬವಾಗಿಯೇ ಏಕಿರಬೇಕು?

ಒಂದೇ ವಿಭವವಿರುವ ಬಿಂದುಗಳನ್ನೆಲ್ಲ ಸೇರಿಸಿದರೆ ಸಿಗುವುದು ಸಮವಿಭವ ಮೇಲ್ಮೈ. ಹಾಳೆಯ ಮೇಲೆ ಬರೆದಾಗ ಅದು ರೇಖೆಯಾಗಿ ಕಾಣುತ್ತದೆ. ಆ ಮೇಲ್ಮೈಗುಂಟ ಚಾರ್ಜನ್ನು ಎಲ್ಲಿಗೆ ಸರಿಸಿದರೂ ವಿಭವಾಂತರ ಸೊನ್ನೆ, ಆದ್ದರಿಂದ ಕೆಲಸವೂ ಸೊನ್ನೆ. ಕ್ಷೇತ್ರ ಸ್ವಲ್ಪ ಓರೆಯಾಗಿದ್ದರೂ ಅದರ ಒಂದು ಪಾಲು ಮೇಲ್ಮೈಗುಂಟ ಎಳೆಯುತ್ತಿತ್ತು, ಆಗ ಕೆಲಸ ಸೊನ್ನೆಯಾಗುತ್ತಿರಲಿಲ್ಲ. ಎರಡೂ ಒಟ್ಟಿಗೆ ನಿಜವಾಗಲಾರವು. ಹಾಗಾಗಿ ಕ್ಷೇತ್ರ ಲಂಬ. ಮೊನೆ ಯಾವ ಕಡೆಗೆ ಎಂದರೆ, ಯಾವಾಗಲೂ ಹೆಚ್ಚು ವಿಭವದಿಂದ ಕಡಿಮೆ ವಿಭವದತ್ತ.

ಎರಡು ಬೇರೆ ಬೇರೆ ವಿಭವದ ರೇಖೆಗಳು ಎಂದೂ ಒಂದನ್ನೊಂದು ದಾಟುವುದಿಲ್ಲ, ಏಕೆಂದರೆ ಒಂದು ಬಿಂದುವಿಗೆ ಎರಡು ವಿಭವ ಇರಲಾಗದು. ಆದರೆ ಒಂದೇ ವಿಭವದ ರೇಖೆ ತನ್ನನ್ನೇ ತಾನು ದಾಟಬಹುದು, ಅದೂ ಕ್ಷೇತ್ರ ಸೊನ್ನೆಯಾಗಿರುವ ಬಿಂದುವಿನಲ್ಲಿ ಮಾತ್ರ. ಎರಡು ಸಮನಾದ ಧನ ಚಾರ್ಜ್‌ಗಳ ನಟ್ಟನಡುವೆ ಎಂಟರ ಅಂಕಿಯಂತೆ ಬರುವ ರೇಖೆ ಇಂಥದ್ದೇ. ಪರೀಕ್ಷೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ನಕ್ಷೆ ಬರೆಯುವಾಗ ಅಂಥ ಅಡ್ಡಹಾಯುವಿಕೆ ಕಂಡು ತಪ್ಪಾಯಿತೆಂದು ಅಳಿಸಿಬಿಡಬೇಡಿ, ಅಷ್ಟೇ.

ಟ್ರೇ ಪ್ರಯೋಗಕ್ಕೆ ಏನೇನು ಬೇಕು? ಹೇಗೆ ಜೋಡಿಸುವುದು?

ಸುಮಾರು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ, ಅಡಿ ಚಪ್ಪಟೆಯಾಗಿರುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ ತೆಗೆದುಕೊಳ್ಳಿ. ಅದರ ಕೆಳಗೆ ಗ್ರಾಫ್ ಹಾಳೆ ಇಡಿ, ಅಂಥದ್ದೇ ಇನ್ನೊಂದು ಹಾಳೆ ಓದುಗಳನ್ನು ಗುರುತು ಮಾಡಲು ಪಕ್ಕದಲ್ಲಿರಲಿ. ಟ್ರೇಯಲ್ಲಿ 5ರಿಂದ 8 ಮಿ.ಮೀ. ಆಳಕ್ಕೆ ನಲ್ಲಿ ನೀರು ಸಾಕು. ಎರಡು ತಾಮ್ರ ಅಥವಾ ಹಿತ್ತಾಳೆಯ ಪಟ್ಟಿಗಳನ್ನು 12 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ 6 ವೋಲ್ಟ್ ಕೊಡಿ. ಮೀಟರಿನ ಕಪ್ಪು ತಂತಿಯನ್ನು ಋಣ ಪಟ್ಟಿಗೆ ಕಚ್ಚಿಸಿ, ಕೆಂಪು ತಂತಿಯ ತುದಿಯನ್ನು ನೀರಿಗೆ ನೆಟ್ಟಗೆ ಅದ್ದಿ ಓದಿಕೊಳ್ಳಿ. ತುದಿ ಓರೆಯಾದರೆ ನಿಮ್ಮ ಕಣ್ಣಿಗೆ ಕಂಡ ಜಾಗ ಒಂದು, ಅದು ನೀರನ್ನು ಮುಟ್ಟಿದ ಜಾಗ ಇನ್ನೊಂದಾಗುತ್ತದೆ.

3 ವೋಲ್ಟ್ ತೋರಿಸುವ ಬಿಂದುಗಳನ್ನು ಒಂದೊಂದಾಗಿ ಹುಡುಕಿ ಸೇರಿಸಿದರೆ 3 ವೋಲ್ಟ್ ರೇಖೆ. ಹೀಗೇ 1, 2, 4, 5 ವೋಲ್ಟ್ ರೇಖೆಗಳು. ಅಂತರ ಯಾವಾಗಲೂ ಒಂದೇ ಆಗಿರಲಿ; ಆಗ ರೇಖೆಗಳು ದಟ್ಟವಾಗಿರುವಲ್ಲಿ ಕ್ಷೇತ್ರ ಬಲವಾಗಿದೆ, ವಿರಳವಾಗಿರುವಲ್ಲಿ ದುರ್ಬಲವಾಗಿದೆ ಎಂದು ನೋಟದಲ್ಲೇ ಹೇಳಬಹುದು.

ಮನೆಯ 230 ವೋಲ್ಟ್ ಸಾಕೆಟ್ಟಿನಿಂದ ನೇರವಾಗಿ ಈ ಪ್ರಯೋಗ ಮಾಡುವ ಮಾತೇ ಬೇಡ. ಬ್ಯಾಟರಿ, ಎಲಿಮಿನೇಟರ್ ಅಥವಾ 6 ವೋಲ್ಟಿನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಮಾತ್ರ.

ಪಟ್ಟಿಯಿಂದ 1 ಸೆಂ.ಮೀ. ದೂರದಲ್ಲಿ 0.5 ವೋಲ್ಟ್ ಬರಬೇಕಿತ್ತು, ಒಂದು ವೋಲ್ಟ್ ದಾಟಿದೆ. ಮೀಟರ್ ಕೆಟ್ಟಿದೆಯೇ?

ಮೀಟರ್ ಸರಿಯಾಗಿಯೇ ಇದೆ. ಡಿ.ಸಿ. ಕೊಟ್ಟಾಗ ಪಟ್ಟಿಗಳ ಮೈಮೇಲೆ ನೀರಿನ ವಿದ್ಯುದ್ವಿಭಜನೆ ನಡೆಯುತ್ತದೆ. ದಿಟ್ಟಿಸಿ ನೋಡಿದರೆ ಸಣ್ಣ ಗುಳ್ಳೆಗಳು ಕಾಣುತ್ತವೆ. ಆ ಕ್ರಿಯೆಗೆಂದೇ ವಿಭವದ ಒಂದು ಪಾಲು ಪಟ್ಟಿಯ ಅಂಚಿನ ತೆಳು ಪದರದಲ್ಲೇ ಖರ್ಚಾಗಿಹೋಗುತ್ತದೆ. ಉಳಿದದ್ದು ಮಾತ್ರ 12 ಸೆಂ.ಮೀ. ನೀರಿನಲ್ಲಿ ಹಂಚಿಕೆಯಾಗುತ್ತದೆ. ಪರೀಕ್ಷಿಸುವುದು ಸುಲಭ: ದೂರ ಮತ್ತು ವಿಭವದ ಗ್ರಾಫ್ ಎಳೆಯಿರಿ. ನಡುವೆಲ್ಲ ನೇರ ಗೆರೆ ಬಂದು, ಎರಡೂ ತುದಿಗೆ ಮುಂದುವರಿಸಿದಾಗ ಅದು 0 ಮತ್ತು 6ಕ್ಕೆ ತಲುಪದಿದ್ದರೆ ಕಾರಣ ಇದೇ. ರೇಖೆಗಳ ಆಕಾರಕ್ಕೂ ಕ್ಷೇತ್ರದ ದಿಕ್ಕಿಗೂ ಇದರಿಂದ ಧಕ್ಕೆಯಿಲ್ಲ. ಆದರೆ ಕ್ಷೇತ್ರದ ಮೊತ್ತವನ್ನು 6 ಭಾಗಿಸು 0.12 ಎಂದು ಬರೆಯಬೇಡಿ, ಆ ನೇರ ಗೆರೆಯ ಇಳಿಜಾರಿನಿಂದ ತೆಗೆಯಿರಿ.

ಎ.ಸಿ. ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲಿ ಇನ್ನೊಂದು ಕಿರಿಕಿರಿ ಇದೆ: ಅಗ್ಗದ ಹಳದಿ ಮಲ್ಟಿಮೀಟರ್‌ಗಳಲ್ಲಿ ಎ.ಸಿ.ಗೆ ಸಾಮಾನ್ಯವಾಗಿ 200 ವೋಲ್ಟಿನ ರೇಂಜೇ ಕನಿಷ್ಠ, ಅದು ಓದುವುದು 0.1 ವೋಲ್ಟಿನಷ್ಟು ಒರಟಾಗಿ. ಎ.ಸಿ. ರೇಂಜಿನಲ್ಲಿ ಮೀಟರ್ ಚಿಹ್ನೆಯನ್ನೂ ತೋರಿಸುವುದಿಲ್ಲ. ಕಪ್ಪು ತಂತಿಯ ಪಟ್ಟಿಯನ್ನು ಕಡಿಮೆ ವಿಭವವೆಂದು ನೀವೇ ಒಪ್ಪಿಕೊಳ್ಳಬೇಕು. ಇಂಥ ಮೀಟರ್ ಇದ್ದರೆ ಡಿ.ಸಿ.ಯೇ ವಾಸಿ, 20 ವೋಲ್ಟಿನ ರೇಂಜಿನಲ್ಲಿ 0.01 ವೋಲ್ಟ್ ವರೆಗೂ ಓದಬಹುದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ: ಟ್ರೇ ವಾಲಿರುವುದು. ನೀರು ತೆಳುವಾದ ಕಡೆ ಪ್ರತಿರೋಧ ಹೆಚ್ಚು, ಅಲ್ಲಿ ರೇಖೆಗಳು ಒತ್ತೊತ್ತಾಗಿ ಬರುತ್ತವೆ. ಸಮಾಂತರ ಪಟ್ಟಿಗಳ ನಡುವೆ ಅಂತರಗಳು ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಹಿಗ್ಗುತ್ತ ಹೋದರೆ ಮೊದಲು ಟ್ರೇ ಅಡಿಗೆ ಕಾಗದ ಮಡಚಿ ಇಟ್ಟು ಮಟ್ಟ ಮಾಡಿ.

ಕೆಲವೇ ಓದುಗಳಿವೆ, ರೇಖೆ ಎಳೆದಿಲ್ಲ. ಕ್ಷೇತ್ರದ ದಿಕ್ಕು ಹೇಳಬಹುದೇ?

ಮೂರು ಓದುಗಳಿದ್ದರೆ ಸಾಕು, ಮೂರೂ ಒಂದೇ ಗೆರೆಯ ಮೇಲೆ ಇರಬಾರದು. ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಗ್ರಾಫ್ ಹಾಳೆಯ ಬಲಬದಿಯನ್ನು ಪೂರ್ವ, ಮೇಲ್ಬದಿಯನ್ನು ಉತ್ತರ ಎನ್ನೋಣ. P ಬಿಂದುವಿನಲ್ಲಿ 3.00 ವೋಲ್ಟ್ ಇದೆ. ಅಲ್ಲಿಂದ 1 ಸೆಂ.ಮೀ. ಪೂರ್ವಕ್ಕೆ 2.60 ವೋಲ್ಟ್, 1 ಸೆಂ.ಮೀ. ಉತ್ತರಕ್ಕೆ 3.30 ವೋಲ್ಟ್.

```
Ex = −(2.60 − 3.00)/0.01 = +40 V/m
Ey = −(3.30 − 3.00)/0.01 = −30 V/m
E  = √(40² + 30²) = 50 V/m
```

ಅಂದರೆ ಕ್ಷೇತ್ರ ಪೂರ್ವಕ್ಕೆ 40, ದಕ್ಷಿಣಕ್ಕೆ 30. ಪೂರ್ವದಿಂದ ದಕ್ಷಿಣದತ್ತ ಸುಮಾರು 37 ಡಿಗ್ರಿ ವಾಲಿದೆ. ಮುಂದಿರುವ ಋಣ ಚಿಹ್ನೆಯನ್ನು ಮರೆತರೆ ಬಾಣ ತಿರುವುಮುರುವಾಗಿ ವಾಯವ್ಯಕ್ಕೆ ಮುಖ ಮಾಡುತ್ತದೆ. ಚಿಹ್ನೆಯ ಅರ್ಥ ಇಷ್ಟೇ: ವಿಭವ ಯಾವ ಕಡೆ ಇಳಿಯುತ್ತದೋ ಕ್ಷೇತ್ರ ಆ ಕಡೆಗೆ. ಪೂರ್ವಕ್ಕೆ ಹೋದರೆ ಓದು ಇಳಿಯಿತು, ಹಾಗಾಗಿ ಕ್ಷೇತ್ರದ ಒಂದು ಪಾಲು ಪೂರ್ವಕ್ಕೆ. ಉತ್ತರಕ್ಕೆ ಹೋದರೆ ಏರಿತು, ಹಾಗಾಗಿ ಇನ್ನೊಂದು ಪಾಲು ದಕ್ಷಿಣಕ್ಕೆ.

ಉತ್ತರ ಸರಿಯೇ ಎಂದು ನೀರಿನಲ್ಲೇ ತಾಳೆ ನೋಡಬಹುದು. ಸಮವಿಭವ ರೇಖೆ ಈ ಬಾಣಕ್ಕೆ ಲಂಬವಾಗಿರಬೇಕು. ಹಾಗಾದರೆ P ಇಂದ 3 ಮಿ.ಮೀ. ಪೂರ್ವಕ್ಕೂ 4 ಮಿ.ಮೀ. ಉತ್ತರಕ್ಕೂ ಸರಿದರೆ ಪೂರ್ವದ ಕಡೆ 0.12 ವೋಲ್ಟ್ ಇಳಿದು, ಉತ್ತರದ ಕಡೆ 0.12 ವೋಲ್ಟ್ ಏರಿ, ಮೀಟರ್ ಮತ್ತೆ 3.00 ತೋರಿಸಬೇಕು. ತೋರಿಸಿದರೆ ದಿಕ್ಕು ಸರಿಯಾಗಿದೆ. 3.05ರ ಆಸುಪಾಸು ಬಂದರೆ ಯಾವುದೋ ಓದು ತಪ್ಪಿದೆ, ಇಲ್ಲವೇ ಅಲ್ಲಿ ಕ್ಷೇತ್ರ ಬೇಗ ಬೇಗ ಬದಲಾಗುತ್ತಿದೆ.

1 ಸೆಂ.ಮೀ. ಹೆಜ್ಜೆಯೇ ಏಕೆ? ಇನ್ನೂ ಚಿಕ್ಕದಾದರೆ ನಿಖರವಲ್ಲವೇ?

ಗಣಿತದಲ್ಲಿ ಹೌದು, ಮೀಟರ್ ಹಿಡಿದಾಗ ಅಲ್ಲ. ಓದಿನಲ್ಲಿ 0.02 ವೋಲ್ಟಿನಷ್ಟು ಏರುಪೇರು ಸಹಜ. 1 ಸೆಂ.ಮೀ.ಗೆ 0.30 ವೋಲ್ಟ್ ವ್ಯತ್ಯಾಸವಿದ್ದಾಗ ಅದು ನೂರಕ್ಕೆ ಏಳರಷ್ಟು ತಪ್ಪು. ಹೆಜ್ಜೆಯನ್ನು 2 ಮಿ.ಮೀ.ಗೆ ಇಳಿಸಿದರೆ ವ್ಯತ್ಯಾಸ 0.06, ತಪ್ಪು ಮೂರನೇ ಒಂದು ಪಾಲು; ಬಾಣ ಎಲ್ಲೆಲ್ಲಿಗೋ ತಿರುಗುತ್ತದೆ.

ಹೆಜ್ಜೆ ದೊಡ್ಡದಾದರೆ ಬೇರೆಯದೇ ತೊಂದರೆ: ಸಿಗುವುದು ಆ ಬಿಂದುವಿನ ಕ್ಷೇತ್ರವಲ್ಲ, ದಾರಿಯ ಸರಾಸರಿ. ಗಾಳಿಯಲ್ಲಿ 6 ಸೆಂ.ಮೀ. ದೂರದಲ್ಲಿರುವ +4 ಮತ್ತು −4 ನ್ಯಾನೋಕೂಲಮ್ ಚಾರ್ಜ್‌ಗಳನ್ನು ತೆಗೆದುಕೊಳ್ಳಿ. ನಡುವಿನ ಗೆರೆಯಲ್ಲಿ ಧನ ಚಾರ್ಜಿನಿಂದ 2 ಸೆಂ.ಮೀ.ಗೆ ವಿಭವ +900 ವೋಲ್ಟ್, 4 ಸೆಂ.ಮೀ.ಗೆ −900 ವೋಲ್ಟ್. 1800 ವೋಲ್ಟನ್ನು 0.02 ಮೀಟರಿನಿಂದ ಭಾಗಿಸಿದರೆ 90,000 V/m. ನಟ್ಟನಡುವಿನ ನಿಜವಾದ ಕ್ಷೇತ್ರ 80,000 V/m. ಲೆಕ್ಕ ತಪ್ಪಿಲ್ಲ, ಈ ಗೆರೆಯಲ್ಲಿ ಕ್ಷೇತ್ರ ಅತಿ ದುರ್ಬಲವಾಗಿರುವುದು ನಡುವೆ, ಆಚೀಚೆ ಬಲವಾಗಿರುವುದನ್ನೂ ಸರಾಸರಿ ಎಳೆದುಕೊಂಡಿದೆ. ಅದೇ 2.9 ಮತ್ತು 3.1 ಸೆಂ.ಮೀ. ಬಿಂದುಗಳನ್ನು ತೆಗೆದುಕೊಂಡರೆ 80,100ರ ಹತ್ತಿರಕ್ಕೆ ಬರುತ್ತದೆ.

ಟ್ರೇಯಲ್ಲಿ ಒಳ್ಳೆಯ ಉಪಾಯವೆಂದರೆ ಬಿಂದುವಿನ ಎರಡೂ ಮಗ್ಗುಲಲ್ಲಿ 1 ಸೆಂ.ಮೀ.ಗೆ ಓದಿ, ವ್ಯತ್ಯಾಸವನ್ನು 2 ಸೆಂ.ಮೀ.ಯಿಂದ ಭಾಗಿಸುವುದು. ಮೀಟರಿನ ಏರುಪೇರು ಅರ್ಧಕ್ಕೆ ಇಳಿಯುತ್ತದೆ.

ಚಾರ್ಜನ್ನು ಸಾಗಿಸುವ ಕೆಲಸದ ಲೆಕ್ಕ ಹೇಗೆ? ಚಿಹ್ನೆ ಪ್ರತಿ ಸಲ ತಪ್ಪುತ್ತದೆ.

ಮೊದಲು ಯಾರು ಮಾಡುವ ಕೆಲಸ ಎಂದು ಬರೆದುಕೊಳ್ಳಿ. ಅರ್ಧ ತಪ್ಪುಗಳು ಅಲ್ಲಿಯೇ ಹುಟ್ಟುವುದು.

```
ನಾವು ಮಾಡುವ ಕೆಲಸ:   W = q (V_ಕೊನೆ − V_ಮೊದಲು)
ಕ್ಷೇತ್ರ ಮಾಡುವ ಕೆಲಸ:  W = q (V_ಮೊದಲು − V_ಕೊನೆ)
```

ಈಗ −2 ನ್ಯಾನೋಕೂಲಮ್ ಚಾರ್ಜನ್ನು 3.00 ವೋಲ್ಟಿನ P ಇಂದ 4.50 ವೋಲ್ಟಿನ Q ಗೆ ಒಯ್ಯಬೇಕು. ನಾವು ಮಾಡುವ ಕೆಲಸ −2 × (4.50 − 3.00), ಅಂದರೆ −3 ನ್ಯಾನೋಜೂಲ್. ಋಣ ಉತ್ತರ ಬಂತೆಂದು ಗಾಬರಿ ಬೇಡ. ಋಣ ಚಾರ್ಜ್ ತಾನಾಗಿಯೇ ಹೆಚ್ಚು ವಿಭವದತ್ತ ಓಡುತ್ತದೆ. ನಾವು ಅದನ್ನು ದೂಡುತ್ತಿಲ್ಲ, ಜೋರಾಗಿ ಓಡದಂತೆ ಹಿಡಿದುಕೊಂಡಿದ್ದೇವೆ. ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ಜಗ್ಗಿ ಹಿಡಿದಂತೆ. ಕೈಬಿಟ್ಟರೆ, ಆ ಚಾರ್ಜ್ ನಿರ್ವಾತದಲ್ಲಿದ್ದಿದ್ದರೆ, ಅದೇ 3 ನ್ಯಾನೋಜೂಲ್ ಚಲನಶಕ್ತಿಯಾಗುತ್ತಿತ್ತು.

ಸೂತ್ರಕ್ಕೆ ಹಾಕುವಾಗ q ವಿನ ಚಿಹ್ನೆಯನ್ನು ಬಿಡಬೇಡಿ, ವಿಭವಗಳ ಚಿಹ್ನೆಯನ್ನೂ ಬಿಡಬೇಡಿ. −900 ವೋಲ್ಟಿನಿಂದ +900 ವೋಲ್ಟಿಗೆ ಹೋದರೆ ವ್ಯತ್ಯಾಸ 1800, ಸೊನ್ನೆಯಲ್ಲ.

ದಾರಿ ಸುತ್ತುಬಳಸಾದರೆ ಕೆಲಸ ಹೆಚ್ಚಾಗುವುದಿಲ್ಲವೇ?

ಇಲ್ಲ. ಸ್ಥಿರ ಚಾರ್ಜ್‌ಗಳ ಕ್ಷೇತ್ರದಲ್ಲಿ P ಇಂದ Q ಗೆ ನೇರವಾಗಿ ಹೋದರೂ, ಟ್ರೇ ಅಂಚು ಸುತ್ತಿ ಹೋದರೂ ಅಷ್ಟೇ ಕೆಲಸ. ನಡುವೆ 5 ವೋಲ್ಟಿಗೆ ಏರಿದ್ದರೆ ಆಮೇಲೆ 4.50ಕ್ಕೆ ಇಳಿದಿರುತ್ತದೆ, ಹೆಚ್ಚುವರಿ ವಾಪಸು ಬಂದಿರುತ್ತದೆ. ಹಾಗಾಗಿ ಲೆಕ್ಕದಲ್ಲಿ ಕೊಟ್ಟ ವಕ್ರ ದಾರಿಯ ಉದ್ದವನ್ನು ಕ್ಷೇತ್ರದಿಂದ ಗುಣಿಸಲು ಹೋಗಬೇಡಿ, ಎರಡು ತುದಿಯ ವಿಭವ ನೋಡಿ. ಬದಲಾಗುತ್ತಿರುವ ಕಾಂತಕ್ಷೇತ್ರ ಇರುವಲ್ಲಿ, ಉದಾಹರಣೆಗೆ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ, ಈ ಮಾತು ನಿಲ್ಲುವುದಿಲ್ಲ.

ವಿಭವ ಸೊನ್ನೆ ಎಂದರೆ ಕ್ಷೇತ್ರವೂ ಸೊನ್ನೆ ತಾನೇ?

ಎರಡಕ್ಕೂ ಸಂಬಂಧವಿಲ್ಲ. ಮೇಲಿನ +4, −4 ಜೋಡಿಯ ನಟ್ಟನಡುವೆ ವಿಭವ ಸೊನ್ನೆ, ಕ್ಷೇತ್ರ 80,000 V/m. ಋಣ ಚಾರ್ಜನ್ನು ತೆಗೆದು ಅಲ್ಲಿಯೂ +4 ಇಟ್ಟರೆ ಅದೇ ಬಿಂದುವಿನಲ್ಲಿ ವಿಭವ 2400 ವೋಲ್ಟ್, ಕ್ಷೇತ್ರ ಸೊನ್ನೆ. ಕ್ಷೇತ್ರ ಕೇಳುವುದು ವಿಭವ ಎಷ್ಟಿದೆ ಎಂದಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಎಂದು.

ಟ್ರೇಯಲ್ಲಿ ದುಂಡು ಎಲೆಕ್ಟ್ರೋಡ್ ಇಟ್ಟು ನೋಡಿದೆವು, ವಿಭವ 1/r ಪ್ರಕಾರ ಇಳಿಯಲಿಲ್ಲ. ಕೂಲಮ್ ನಿಯಮ ಸುಳ್ಳಾಯಿತೇ?

ನೀರಿನ ಆಳ ಎಲ್ಲೆಡೆ ಒಂದೇ ಆಗಿರುವುದರಿಂದ ವಿದ್ಯುತ್ ಮೇಲಕ್ಕೂ ಕೆಳಕ್ಕೂ ಹರಡಲಾರದು, ಅಕ್ಕಪಕ್ಕಕ್ಕೆ ಮಾತ್ರ ಹರಡುತ್ತದೆ. ಹಾಗಾಗಿ ಟ್ರೇಯಲ್ಲಿ ನಿಂತ ದುಂಡು ತುಂಡು ಬಿಂದು ಚಾರ್ಜ್ ಅಲ್ಲ, ಅತಿ ಉದ್ದನೆಯ ಕಂಬಿಯ ಅಡ್ಡಸೀಳು. ಅಂಥಲ್ಲಿ ಕ್ಷೇತ್ರ 1/r ಪ್ರಕಾರ, ವಿಭವ r ನ ಲಾಗರಿದಂ ಪ್ರಕಾರ ಬದಲಾಗುತ್ತದೆ. ನಡುವೆ ದುಂಡು ತುಂಡು, ಸುತ್ತ ಲೋಹದ ಬಳೆ ಇಟ್ಟು ಓದಿದರೆ ವಿಭವ ಮತ್ತು log r ಗ್ರಾಫ್ ನೇರ ಗೆರೆಯಾಗುತ್ತದೆ.

ಟ್ರೇಯ ಗೋಡೆಯೂ ತನ್ನ ಗುರುತು ಬಿಡುತ್ತದೆ. ಪ್ಲಾಸ್ಟಿಕ್ಕಿನೊಳಗೆ ವಿದ್ಯುತ್ ಹರಿಯದು, ಆದ್ದರಿಂದ ಗೋಡೆಯ ಬಳಿ ಕ್ಷೇತ್ರ ಗೋಡೆಗುಂಟ ಸಾಗುತ್ತದೆ, ಸಮವಿಭವ ರೇಖೆಗಳು ಗೋಡೆಗೆ ಲಂಬವಾಗಿ ಬಂದು ಮುಟ್ಟುತ್ತವೆ. ಲೋಹದ ಬಳೆಯನ್ನು ನೀರಿಗೆ ಹಾಕಿದರೆ ಇದಕ್ಕೆ ತದ್ವಿರುದ್ಧ: ಬಳೆಯೇ ಒಂದು ಸಮವಿಭವ ರೇಖೆ, ಅದರೊಳಗೆ ಎಲ್ಲಿ ಅದ್ದಿದರೂ ಬಹುತೇಕ ಒಂದೇ ಓದು, ಹೊರಗಿನ ಕ್ಷೇತ್ರ ಅದನ್ನು ಲಂಬವಾಗಿ ಮುಟ್ಟುತ್ತದೆ.

ಟ್ರೇ ಬಿಟ್ಟು ಹೊರಗೆ ಸಮವಿಭವ ರೇಖೆ ಎಲ್ಲಿ ಎದುರಾಗುತ್ತದೆ?

ಮಳೆಗಾಳಿಗೆ ಕರೆಂಟಿನ ತಂತಿ ಕಡಿದು ಹೊಲದಲ್ಲಿ ಬಿದ್ದಾಗ. ತಂತಿ ತಾಗಿದ ಜಾಗದಿಂದ ವಿದ್ಯುತ್ ಮಣ್ಣಿಗೆ ಇಳಿಯುತ್ತದೆ, ಸುತ್ತಲೂ ಉಂಗುರಗಳಂತೆ ಸಮವಿಭವ ರೇಖೆಗಳು ಹರಡುತ್ತವೆ. ಇಲ್ಲಿ ವಿದ್ಯುತ್ತಿಗೆ ಆಳಕ್ಕೂ ಹರಡಲು ಜಾಗವಿದೆ, ಆದ್ದರಿಂದ ಟ್ರೇಯಲ್ಲಿ ಸಿಗದ 1/r ಇಲ್ಲಿ ಸಿಗುತ್ತದೆ. ಮಣ್ಣಿನ ರೋಧಶೀಲತೆ 100 ಓಮ್-ಮೀಟರ್, ಇಳಿಯುವ ಕರೆಂಟು 10 ಆಂಪಿಯರ್ ಎಂದುಕೊಂಡರೆ:

```
V = ρI/(2πr) = 159/r
```

1 ಮೀಟರಿನಲ್ಲಿ 159 ವೋಲ್ಟ್, 1.7 ಮೀಟರಿನಲ್ಲಿ 94 ವೋಲ್ಟ್. ತಂತಿಯ ಕಡೆಗೆ ಒಂದು ಹೆಜ್ಜೆ ಚಾಚಿ ನಿಂತವರ ಎರಡು ಪಾದಗಳ ನಡುವೆ 65 ವೋಲ್ಟ್. 10 ಮೀಟರ್ ಆಚೆ ಅದೇ ಹೆಜ್ಜೆಗೆ ಸುಮಾರು ಒಂದು ವೋಲ್ಟ್ ಮಾತ್ರ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಒಂದೂವರೆ ಮೀಟರ್ ಅಂತರವಿರುತ್ತದೆ. 1 ಮೀಟರಿನಿಂದ 2.5 ಮೀಟರಿಗೆ 95 ವೋಲ್ಟ್, ಅದೂ ಎದೆಯ ಮೂಲಕವೇ ಹಾದುಹೋಗುವ ದಾರಿಯಲ್ಲಿ. ಮನುಷ್ಯ ಬದುಕುಳಿದ ಕಡೆಯೂ ದನ ಸಾಯುವುದು ಇದಕ್ಕೇ.

ಎರಡೂ ಪಾದ ಒಂದೇ ಉಂಗುರದ ಮೇಲಿದ್ದರೆ ಅವುಗಳ ನಡುವೆ ವಿಭವಾಂತರವಿಲ್ಲ. ಆದರೆ ನೆಲದ ಮೇಲೆ ಉಂಗುರ ಕಾಣುವುದಿಲ್ಲವಲ್ಲ. ಹಾಗಾಗಿ ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಇಷ್ಟಿಷ್ಟೇ ಜರುಗುತ್ತ ದೂರ ಸರಿಯಬೇಕು, ಓಡಬಾರದು. ಬಿದ್ದ ದನವನ್ನೋ ಮನುಷ್ಯರನ್ನೋ ಎಳೆಯಲು ಹತ್ತಿರ ಹೋಗುವ ಮೊದಲು 1912ಕ್ಕೆ ಕರೆ ಮಾಡಿ ಲೈನ್ ಬಂದ್ ಮಾಡಿಸಿ, ಬಂದ್ ಆಯಿತೆಂದು ಲೈನ್‌ಮನ್ ಹೇಳುವವರೆಗೆ ಕಾಯಿರಿ.